ಕೋಲಾರದಲ್ಲಿ ನೀರಿನ ಬಾಟ್ಲಿ ಘಟಕ: ಐದು ಶಕ್ತಿಗಳ ಲೆಕ್ಕ ಏನು ಹೇಳುತ್ತೆ?

ಪ್ರಶ್ನೆ: ಕೋಲಾರದ ಹತ್ತಿರ ನಮ್ಮ ಜಮೀನಿನಲ್ಲಿ ಒಳ್ಳೆ ಬೋರ್‌ವೆಲ್ ಇದೆ. ಪ್ಯಾಕೇಜ್ಡ್ ನೀರಿನ ಘಟಕ ಹಾಕೋಣ ಅಂತಿದ್ದೀನಿ. ಪೋರ್ಟರ್ ಅವರ ಐದು ಶಕ್ತಿಗಳ ಪ್ರಕಾರ ನೋಡಿದರೆ ಇಳಿಯಬಹುದಾ?

ಒಂದು ಲೀಟರ್ ಬಾಟ್ಲಿಗೆ ಬೇಡ. 20 ಲೀಟರ್ ಕ್ಯಾನಿಗೆ, ಅದೂ ಗಿರಾಕಿ ಮೊದಲೇ ಕೈಯಲ್ಲಿದ್ದರೆ, ಯೋಚನೆ ಮಾಡಬಹುದು. ಈ ಕಡೆಯ ಒಂದಷ್ಟು ಘಟಕಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು, ಅದರ ಮೇಲೆ ಹೇಳುತ್ತಿದ್ದೇನೆ.

ಹಾರ್ವರ್ಡ್ ಪ್ರೊಫೆಸರ್ ಮೈಕೆಲ್ ಪೋರ್ಟರ್ 1979ರಲ್ಲಿ ಇದನ್ನು ಬರೆದಾಗ ಕೇಳಿದ್ದು ಸರಳವಾದ ಪ್ರಶ್ನೆ: ಒಂದು ವ್ಯಾಪಾರದಲ್ಲಿ ಹುಟ್ಟುವ ಲಾಭ ಕೊನೆಗೆ ಯಾರ ಜೇಬಿಗೆ ಹೋಗುತ್ತೆ? ಕೊಳ್ಳುವವರು, ಪೂರೈಕೆದಾರರು, ಹೊಸಬರು, ಬದಲಿ ವಸ್ತು, ಇರುವವರ ನಡುವಿನ ಪೈಪೋಟಿ, ಈ ಐದೂ ಶಕ್ತಿಗಳಿಗೆ ಮಾರ್ಕ್ಸ್ ಕೊಟ್ಟು ಕೂಡಿಸುವ ಬದಲು 20 ರೂಪಾಯಿ ಎಂಆರ್‌ಪಿ ಇರುವ ಒಂದು ಬಾಟ್ಲಿಯ ಹಿಂದೆ ಹೋಗಿ, ಉತ್ತರ ತಾನಾಗಿ ಸಿಗುತ್ತೆ.

ಹೆಸರಿಲ್ಲದ ಹೊಸ ಬ್ರ್ಯಾಂಡ್ ಅಂತ ಇಟ್ಟುಕೊಳ್ಳಿ. ಘಟಕದಿಂದ ಬಾಟ್ಲಿ 7 ರೂಪಾಯಿಗೆ ಹೊರಡುತ್ತೆ, ವಿತರಕ ಒಂದೂವರೆ ರೂಪಾಯಿ ಇಟ್ಟುಕೊಳ್ಳುತ್ತಾನೆ, ಅಂಗಡಿಗೆ ತೆರಿಗೆ ಸೇರಿ 9 ರೂಪಾಯಿ ಆಸುಪಾಸಿಗೆ ಬೀಳುತ್ತೆ. ಉಳಿದ ಸುಮಾರು 11 ರೂಪಾಯಿ ಅಂಗಡಿಯವರದ್ದು. ನೀರು ತುಂಬಿದವರಿಗಿಂತ ಫ್ರಿಜ್ಜಿನಲ್ಲಿಟ್ಟು ಕೊಟ್ಟವರಿಗೆ ಜಾಸ್ತಿ. ಯಾಕೆ? ಬಸ್ ಸ್ಟ್ಯಾಂಡಿನಲ್ಲಿ ಬಾಯಾರಿದವರು "ಒಂದು ನೀರು ಕೊಡಿ" ಅಂತಾರೆ, ಯಾವುದು ಅಂತ ಅಂಗಡಿಯವರೇ ತೀರ್ಮಾನ ಮಾಡುತ್ತಾರೆ. ಬಿಸ್ಲೆರಿ, ಕಿನ್ಲೆ ಇದ್ದರೆ ಗಿರಾಕಿ ಹೆಸರು ಹಿಡಿದು ಕೇಳುತ್ತಾರೆ, ಅದಕ್ಕೆ ಅಂಗಡಿಯವರು ಕಡಿಮೆ ಲಾಭಕ್ಕೂ ಇಡುತ್ತಾರೆ. ನಿಮ್ಮದನ್ನು ಇಡಲು ಅವರಿಗೆ ಇರುವ ಕಾರಣ ಒಂದೇ, ಆ 11 ರೂಪಾಯಿ. ನಾಳೆ ಇನ್ನೊಬ್ಬರು 12 ಕೊಟ್ಟರೆ ನಿಮ್ಮ ಬಾಕ್ಸ್ ಹಿಂದಕ್ಕೆ ಹೋಗುತ್ತೆ. ಕೊಳ್ಳುವವರ ಬಲ ಅಂದರೆ ಇದೇ. ಕುಡಿಯುವವರಿಗಿಂತ ನಿಮ್ಮನ್ನು ಜಾಸ್ತಿ ಆಡಿಸುವುದು ಅಂಗಡಿಯವರು.

ಈಗ ನಿಮ್ಮ 7 ರೂಪಾಯಿ ನೋಡಿ. ಬಾಟ್ಲಿ ಊದಲು ಬೇಕಾದ 20 ಗ್ರಾಂ ತೂಕದ ಪ್ರಿಫಾರ್ಮ್‌ಗೆ ಕೆಜಿಗೆ 130 ರೂಪಾಯಿ ಅಂತ ಹಿಡಿದರೆ 2.60. ಮುಚ್ಚಳ, ಲೇಬಲ್, ಮೇಲಿನ ಶ್ರಿಂಕ್ ಪ್ಲಾಸ್ಟಿಕ್ ಸೇರಿ 1 ರೂಪಾಯಿ. ಕರೆಂಟು, ಕೂಲಿ, ನೀರು ಶೋಧಿಸುವ ಮೆಂಬ್ರೇನ್, ಲ್ಯಾಬ್ ಖರ್ಚು 1.30. ಗಾಡಿ ಬಾಡಿಗೆ 70 ಪೈಸೆ. ಒಟ್ಟು 5.60, ಉಳಿಯುವುದು 1.40. ಸಾಲದ ಬಡ್ಡಿ, ಯಂತ್ರದ ಸವಕಳಿ ಇನ್ನೂ ಇದರಲ್ಲಿ ಹೋಗಬೇಕು. ಪ್ರಿಫಾರ್ಮ್ ಮಾಡುವುದು ಪೆಟ್ ರಾಳದಿಂದ, ಅದನ್ನು ದೇಶದಲ್ಲಿ ತಯಾರಿಸುವುದು ಕೆಲವೇ ದೊಡ್ಡ ಕಂಪನಿಗಳು, ದರ ಕಚ್ಚಾ ತೈಲದ ಜೊತೆ ಏರಿಳಿಯುತ್ತೆ. ಕೆಜಿಗೆ 20 ರೂಪಾಯಿ ಏರಿದರೆ ಬಾಟ್ಲಿಗೆ 40 ಪೈಸೆ ಹೋಯಿತು, ನಿಮ್ಮ 1.40 ಈಗ 1 ರೂಪಾಯಿ. ಏರಿದ್ದನ್ನು ಅಂಗಡಿಯವರ ಮೇಲೆ ಹಾಕೋಕೆ ಆಗುತ್ತಾ? ಆಗಲ್ಲ. ಒಂದು ಕಡೆ ಪ್ಲಾಸ್ಟಿಕ್ ಕೊಡುವವರು, ಇನ್ನೊಂದು ಕಡೆ ಅಂಗಡಿಯವರು, ಮಧ್ಯೆ ನೀವು. ಮೇಲೆ ಬೆಲೆಗೂ ಒಂದು ಮಿತಿ ಇದೆ: ರೈಲ್ವೆಯವರ ರೈಲ್ ನೀರ್ ಲೀಟರ್ ಬಾಟ್ಲಿ 15 ರೂಪಾಯಿ ಇದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಇಳಿದ ಮೇಲೆ 14 ಆಯಿತು.

ಆದರೆ ಕೋಲಾರದಲ್ಲಿ ನಿಮ್ಮ ಮೊದಲ ಪೂರೈಕೆದಾರ ಪ್ಲಾಸ್ಟಿಕ್‌ನವರಲ್ಲ, ನಿಮ್ಮ ಬೋರ್‌ವೆಲ್. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ನೀರು ನಮ್ಮದೇ ಅಲ್ವಾ ಅಂತಾರೆ. ಕೋಲಾರ ಜಿಲ್ಲೆ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿರುವ ಜಿಲ್ಲೆ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ, ಇಂಥ ಕಡೆ ಹೊಸ ಪ್ಯಾಕೇಜ್ಡ್ ನೀರಿನ ಘಟಕಕ್ಕೆ, ಅದು ಸಣ್ಣ ಉದ್ದಿಮೆಯಾದರೂ, ಅನುಮತಿ ಇಲ್ಲ ಅನ್ನುತ್ತೆ. ನಮ್ಮ ರಾಜ್ಯಕ್ಕೆ ಬೇರೆಯದೇ ಅಂತರ್ಜಲ ಕಾಯ್ದೆ, 2011ರದ್ದು, ಮತ್ತು ಅದರದ್ದೇ ಪ್ರಾಧಿಕಾರ ಇದೆ. ಹಾಗಾಗಿ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಜಿಲ್ಲಾ ಅಂತರ್ಜಲ ಕಚೇರಿಗೆ ಹೋಗಿ, ನಿಮ್ಮ ಸರ್ವೆ ನಂಬರಿಗೆ ವಾಣಿಜ್ಯ ಬಳಕೆಯ ಅನುಮತಿ ಸಿಗುತ್ತಾ ಅಂತ ಲಿಖಿತವಾಗಿ ಕೇಳಿ. ಆಮೇಲೆ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣ ಎಷ್ಟಿದೆ ಅನ್ನುವುದು, ಮತ್ತು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಗಡುಸು ನೀರಾದರೆ ಆರ್‌ಓದಲ್ಲಿ ಹತ್ತು ಸಾವಿರ ಲೀಟರ್ ಹಾಕಿದರೆ ಐದಾರು ಸಾವಿರ ಮಾತ್ರ ಕುಡಿಯುವ ನೀರಾಗಿ ಬರುತ್ತೆ, ಮಿಕ್ಕಿದ್ದು ಉಪ್ಪು ತುಂಬಿದ ನೀರಾಗಿ ಹೊರಗೆ ಹೋಗುತ್ತೆ. ಬೋರ್ ಎಷ್ಟು ಕೊಡುತ್ತೆ ಅನ್ನುವುದನ್ನು ಏಪ್ರಿಲ್‌ನಲ್ಲಿ ಅಳೆಯಿರಿ. ನಿಮ್ಮ ಮಾರಾಟ ಏರುವ ತಿಂಗಳಲ್ಲೇ ಬೋರ್ ಇಳಿಯುವುದು.

ಹೊಸಬರು ಬರುವ ಭಯದ ಬಗ್ಗೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಗುಣಮಟ್ಟದ ಬಿಐಎಸ್ ಪ್ರಮಾಣಪತ್ರ ಕಡ್ಡಾಯ ಅನ್ನುವುದನ್ನು ತೆಗೆದರು, ಮುಂದಿನ ತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಈ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಅಂದರೆ ಲೈಸೆನ್ಸ್‌ಗೆ ಮೊದಲು ತಪಾಸಣೆ, ಆಮೇಲೆ ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್. ಈ ಖರ್ಚು ನಿಯಮ ಪಾಲಿಸುವವರಿಗೆ ಮಾತ್ರ. ಲೇಬಲ್ ಇಲ್ಲದ ಕ್ಯಾನಿಗೆ ಶೆಡ್ಡಿನಲ್ಲಿ ನೀರು ತುಂಬಿ ಮಾರುವವರಿಗೆ ಯಾವುದೂ ಇಲ್ಲ, ಮತ್ತು ನೀವು ಬೆಲೆಯಲ್ಲಿ ಹೋರಾಡಬೇಕಾದ್ದು ಅವರ ಜೊತೆಗೇ. ಇದು ಅನ್ಯಾಯ, ಆದರೆ ಲೆಕ್ಕ ಹಾಕುವಾಗ ಅವರನ್ನೂ ಸೇರಿಸಿಯೇ ಹಾಕಿ.

ಇನ್ನು ಕ್ಯಾನ್. ಮನೆ ಗಿರಾಕಿಯನ್ನು ನಂಬಬೇಡಿ. ಹಳ್ಳಿ ಹಳ್ಳಿಯಲ್ಲೂ ಸರ್ಕಾರದ ಶುದ್ಧ ಕುಡಿಯುವ ನೀರಿನ ಘಟಕ ಇದೆ, 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತೆ. ಬಾಟ್ಲಿಗೆ ಇದರಿಂದ ತೊಂದರೆ ಇಲ್ಲ, ದಾರಿಯಲ್ಲಿ ಹೋಗುವವರು ಕ್ಯಾನ್ ಹೊತ್ತುಕೊಂಡು ಹೋಗಲ್ಲ. ಆದರೆ ಮನೆ ಕ್ಯಾನಿನ ದರವನ್ನು ಇದು ಏಳಲು ಬಿಡಲ್ಲ. ಆ ಘಟಕ ಕೆಟ್ಟು ನಿಂತಾಗ ನಿಮಗೆ ವ್ಯಾಪಾರ, ರಿಪೇರಿ ಆದ ದಿನ ಇಲ್ಲ.

ಇಂಥ ಬದಲಿ ನೀರು ಇಲ್ಲದ ಗಿರಾಕಿ ಅಂದರೆ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳು, ಅಲ್ಲಿನ ಕ್ಯಾಂಟೀನ್, ಕಾರ್ಮಿಕರ ಪಿಜಿಗಳು. ಅವರಿಗೆ ದಿನಾ ಇಷ್ಟು ಕ್ಯಾನ್ ಸರಿಯಾದ ಹೊತ್ತಿಗೆ ಬೇಕು, ಲ್ಯಾಬ್ ವರದಿ ಬೇಕು, ಬಿಲ್ ಬೇಕು. ಶೆಡ್ಡಿನವರು ಇಲ್ಲಿ ನಿಲ್ಲಲ್ಲ, ನೀವು ಖರ್ಚು ಮಾಡಿದ ಲೈಸೆನ್ಸ್ ಇಲ್ಲಿ ಕೆಲಸಕ್ಕೆ ಬರುತ್ತೆ. ತೊಂದರೆ ಅಂದರೆ ಇಂಥ ಗಿರಾಕಿ ಕೆಲವೇ, ದರ ಹಿಂಡುತ್ತಾರೆ, ಹಣ ತಡ ಮಾಡುತ್ತಾರೆ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ, ಒಪ್ಪಂದದಲ್ಲೂ ಅದನ್ನೇ ಬರೆಸಿ.

ನಾನಾದರೆ ಘಟಕ ಹಾಕುವ ಮೊದಲು ಲೈಸೆನ್ಸ್ ಇರುವ ಬೇರೆಯವರ ಘಟಕದಿಂದ ಕ್ಯಾನ್ ತಂದು, ಬೇಕಾದ ನೋಂದಣಿ ಮಾಡಿಸಿ, ಒಂದು ಗಾಡಿಯಲ್ಲಿ ಈ ಕಾರ್ಖಾನೆಗಳಿಗೆ ಹಾಕುತ್ತೇನೆ. ಮೇ ತಿಂಗಳಲ್ಲಿ ಎಲ್ಲರ ನೀರೂ ಖರ್ಚಾಗುತ್ತೆ, ಅದನ್ನು ನೋಡಿ ಯಂತ್ರ ತರಬೇಡಿ. ಜುಲೈ, ಆಗಸ್ಟ್ ಮಳೆಯಲ್ಲಿ ಎಲ್ಲ ಘಟಕಗಳೂ ಅರ್ಧ ಖಾಲಿ ಓಡುತ್ತವೆ, ಯಂತ್ರದ ಕಂತು ಕಟ್ಟಲು ಬಂದ ದರಕ್ಕೆ ಕೊಡುತ್ತಾರೆ. ಪೈಪೋಟಿ ಎಷ್ಟು ಕೆಟ್ಟದ್ದು ಅಂತ ಗೊತ್ತಾಗುವುದು ಆವಾಗಲೇ. ಆ ಎರಡು ತಿಂಗಳು ನಿಮ್ಮ ಕಾರ್ಖಾನೆ ಗಿರಾಕಿಗಳು ದರ ಇಳಿಸದೆ ಉಳಿದು, ಅವರ ಕ್ಯಾನಿನ ಲೆಕ್ಕ ನಿಮ್ಮ ಘಟಕದ ಬಡ್ಡಿ, ಕೂಲಿಗೆ ಸಾಕಾಗುತ್ತೆ ಅಂತ ಕಂಡರೆ, ಆಮೇಲೆ ಬೋರ್‌ವೆಲ್ ಅನುಮತಿ ಪತ್ರ ಹಿಡಿದು ಬ್ಯಾಂಕಿಗೆ ಹೋಗಿ.