‘ತಪ್ಪು’ ಎಂಬ ಮಾತು, ‘ತಪ್ಪಲ್ಲ’ ಎಂಬ ತೊಡಕು

ಪ್ರಶ್ನೆ: ‘ಕ್ರೌರ್ಯ ತಪ್ಪು’ ಅನ್ನೋದು ನಿಜವೂ ಅಲ್ಲ, ಸುಳ್ಳೂ ಅಲ್ಲ, ಬರೀ ಭಾವನೆ ತೋರಿಸೋ ಮಾತು ಅಂತ ಕೆಲವು ತತ್ವಜ್ಞಾನಿಗಳು ಹೇಳ್ತಾರೆ ಅಂತ ಓದಿದೆ. ಹಾಗಾದ್ರೆ ಕ್ರೌರ್ಯ ತಪ್ಪಲ್ಲ ಅಂತಾಯ್ತಲ್ವಾ?

ಹಾಗಾಗುವುದಿಲ್ಲ, ಏಕೆಂದರೆ ‘ಕ್ರೌರ್ಯ ತಪ್ಪಲ್ಲ’ ಎನ್ನುವುದೂ ಒಂದು ನೈತಿಕ ಮಾತೇ. ‘ತಪ್ಪು’ ಎನ್ನುವ ಮಾತು ಯಾವ ಸಂಗತಿಯನ್ನೂ ವರದಿ ಮಾಡದೆ ಆಡುವವನ ವಿರೋಧವನ್ನು ಹೊರಗೆಡಹುತ್ತದೆ ಎಂದಾದರೆ, ‘ತಪ್ಪಲ್ಲ’ ಎನ್ನುವ ಮಾತು ಕೂಡ ‘ಇರಲಿ ಬಿಡಿ, ನನ್ನ ಅಡ್ಡಿಯಿಲ್ಲ’ ಎಂಬ ಇನ್ನೊಂದು ನಿಲುವನ್ನೇ ಹೊರಗೆಡಹುತ್ತದೆ. ನೈತಿಕ ಮಾತುಗಳು ಎಂಥ ಕೆಲಸ ಮಾಡುತ್ತವೆ ಎಂಬ ಸಿದ್ಧಾಂತವನ್ನು ಒಪ್ಪಿದ ಮಾತ್ರಕ್ಕೆ ಆ ಎರಡನೆಯ ನಿಲುವನ್ನು ಯಾರೂ ತಾಳಬೇಕಾಗಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ‘ತಪ್ಪಲ್ಲ’ ಎಂಬ ಆ ಒಂದು ಪದ, ಈ ಸಿದ್ಧಾಂತಕ್ಕೆ ಇಂದಿಗೂ ಅತಿ ಹೆಚ್ಚು ತೊಂದರೆ ಕೊಡುತ್ತಿರುವ ಜಾಗ. ಆದ್ದರಿಂದ ಮೊದಲು ಸಿದ್ಧಾಂತವನ್ನು ಅದಕ್ಕೆ ಅನ್ಯಾಯವಾಗದಂತೆ ವಿವರಿಸಿ, ಬಳಿಕ ಆ ಜಾಗಕ್ಕೆ ಬರುತ್ತೇನೆ.

ಒಬ್ಬ ಹುಡುಗ ನಾಯಿಮರಿಯೊಂದರ ಹಿಂಗಾಲನ್ನು ಹಿಡಿದು ತಿರುಚುತ್ತಿದ್ದಾನೆ ಎಂದುಕೊಳ್ಳಿ. ಮರಿ ಕುಂಯ್‌ಗುಟ್ಟುತ್ತದೆ, ಅವನು ನಗುತ್ತಾನೆ, ಅದು ಸುಮ್ಮನಾದೊಡನೆ ಮತ್ತೆ ತಿರುಚುತ್ತಾನೆ. ನೋಡುತ್ತಿದ್ದ ಇಬ್ಬರು, ಅಲ್ಲಿ ನಡೆದದ್ದನ್ನೆಲ್ಲ ಪಟ್ಟಿ ಮಾಡುತ್ತಾರೆ: ಕಾಲು ಎಷ್ಟು ತಿರುಗಿತು, ಮರಿಗೆ ಎಷ್ಟು ನೋವಾಯಿತು, ಹುಡುಗನಿಗೆ ಆ ನೋವು ಗೊತ್ತಿತ್ತೇ, ಅವನ ನಗೆಗೆ ಕಾರಣವೇನು. ಪಟ್ಟಿಯ ಪ್ರತಿ ಸಾಲಿನಲ್ಲೂ ಇಬ್ಬರಿಗೂ ಒಮ್ಮತವಿದೆ. ಆಮೇಲೂ ಮೊದಲನೆಯವನು ‘ಇದು ತಪ್ಪು’ ಎನ್ನುತ್ತಾನೆ, ಎರಡನೆಯವನು ‘ಅದರಲ್ಲೇನಿದೆ’ ಎಂದು ಹೊರಡುತ್ತಾನೆ. ಎರಡನೆಯವನ ಪಟ್ಟಿಯಲ್ಲಿ ಬಿಟ್ಟುಹೋದ ಸಾಲು ಯಾವುದು? 18ನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಕೊಲೆಯ ಉದಾಹರಣೆಯನ್ನಿಟ್ಟುಕೊಂಡು ಇದನ್ನೇ ಕೇಳಿದ್ದ. ಕೃತ್ಯವನ್ನು ಎಷ್ಟೇ ಶೋಧಿಸಿದರೂ ಕೆಡುಕು ಎಂಬ ವಸ್ತು ಅಲ್ಲಿ ಸಿಗುವುದಿಲ್ಲ, ನೋಡುವವನು ತನ್ನ ಎದೆಯತ್ತ ತಿರುಗಿದಾಗಲೇ ಅದು ಸಿಗುತ್ತದೆ ಎಂಬುದು ಅವನ ಉತ್ತರವಾಗಿತ್ತು.

ಎ. ಜೆ. ಏಯರ್ 1936ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಇದನ್ನು ಭಾಷೆಯ ಕುರಿತ ಸಿದ್ಧಾಂತವನ್ನಾಗಿ ಮಾಡಿದ. ‘ಕಾಲು ತಿರುಚಿದ್ದು ತಪ್ಪು’ ಎನ್ನುವಾಗ ‘ಕಾಲು ತಿರುಚಿದ’ ಎಂಬ ಸಂಗತಿಗೆ ಇನ್ನೊಂದು ಸಂಗತಿ ಸೇರುವುದಿಲ್ಲ, ಸೇರುವುದು ದನಿ ಮಾತ್ರ. ಅದೇ ವಾಕ್ಯವನ್ನು ಹೇಸಿಗೆಯ ದನಿಯಲ್ಲಿ ಹೇಳಿದರೂ, ಕೊನೆಗೆ ‘ಛೀ’ ಎಂದು ಸೇರಿಸಿದರೂ ಆಗುವ ಕೆಲಸ ಒಂದೇ. ‘ಛೀ’ ಎನ್ನುವುದು ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಇದೇ ಎಮೋಟಿವಿಸಂ. ಇದರ ಮುಂದುವರಿದ, ಹೆಚ್ಚು ಸೂಕ್ಷ್ಮವಾದ ರೂಪಗಳನ್ನು ಒಟ್ಟಾಗಿ ಎಕ್ಸ್‌ಪ್ರೆಸಿವಿಸಂ ಎನ್ನುತ್ತಾರೆ. ಅವು ‘ಛೀ’ಯಂಥ ಕ್ಷಣಿಕ ಭಾವದ ಬದಲು ವಿರೋಧ, ಸಮ್ಮತಿ, ಸಂಕಲ್ಪದಂಥ ನೆಲೆನಿಂತ ನಿಲುವುಗಳ ಮಾತಾಡುತ್ತವೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಕಡೆಯಿದೆ, ನಾನೂ ಮೊದಲು ಓದಿದಾಗ ಅಲ್ಲೇ ಎಡವಿದ್ದೆ. ‘ಕ್ರೌರ್ಯ ತಪ್ಪು’ ಎಂದರೆ ‘ನನಗೆ ಕ್ರೌರ್ಯ ಕಂಡರಾಗದು’ ಎಂದು ಅರ್ಥವೆಂದು ಇವರು ಹೇಳುತ್ತಿಲ್ಲ. ‘ನನಗೆ ಕಂಡರಾಗದು’ ಎನ್ನುವುದು ನನ್ನ ಮನಸ್ಸಿನ ಬಗೆಗಿನ ವರದಿ. ನಾನು ಸುಳ್ಳಾಡುತ್ತಿದ್ದರೆ ಅದು ಸುಳ್ಳು, ಇಲ್ಲದಿದ್ದರೆ ನಿಜ. ಅರ್ಥ ಅಷ್ಟೇ ಆಗಿದ್ದರೆ ಆ ಇಬ್ಬರ ನಡುವೆ ಜಗಳವೇ ಇರುತ್ತಿರಲಿಲ್ಲ, ಒಬ್ಬನಿಗೆ ಆಗದು, ಇನ್ನೊಬ್ಬನಿಗೆ ಆದೀತು, ಎರಡೂ ನಿಜ ಎಂದು ಮುಗಿಯುತ್ತಿತ್ತು. ನೋವಾದವನು ‘ಅಯ್ಯೋ’ ಎನ್ನುವುದಕ್ಕೂ ‘ನನಗೆ ನೋವಾಗುತ್ತಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ‘ಅಯ್ಯೋ’ ನೋವನ್ನು ಹೊರಗೆಡಹುತ್ತದೆ, ಎರಡನೆಯದು ಅದನ್ನು ತಿಳಿಸುತ್ತದೆ. ‘ತಪ್ಪು’ ಎಂಬ ಮಾತು ಮೊದಲ ಬಗೆಯದು ಎಂಬುದೇ ಇವರ ವಾದ.

ಹಾಗಿದ್ದರೆ ಜಗಳ ಯಾವುದರ ಬಗ್ಗೆ ಎಂಬುದಕ್ಕೆ ಚಾರ್ಲ್ಸ್ ಸ್ಟೀವನ್‌ಸನ್ 1937ರಲ್ಲಿ ಕೊಟ್ಟ ಉತ್ತರ ನನಗೆ ಇಂದಿಗೂ ಸರಿಯೆನಿಸುತ್ತದೆ. ಭಿನ್ನಾಭಿಪ್ರಾಯದಲ್ಲಿ ಎರಡು ಬಗೆಗಳಿವೆ. ಸಂಗತಿ ಏನೆಂಬುದರಲ್ಲಿ ಇಬ್ಬರು ಬೇರೆಯಾಗಬಹುದು, ಅಥವಾ ಸಂಗತಿಯನ್ನು ಒಪ್ಪಿಕೊಂಡೂ ಏನಾಗಬೇಕೆಂಬುದರಲ್ಲಿ ಬೇರೆಯಾಗಬಹುದು. ಕಿಟಕಿ ತೆರೆದಿರಲಿ ಎನ್ನುವವನಿಗೂ ಮುಚ್ಚಿರಲಿ ಎನ್ನುವವನಿಗೂ ಕೋಣೆಯ ಬಗ್ಗೆ ತಿಳಿದಿರುವುದೆಲ್ಲ ಒಂದೇ ಆಗಿರಬಹುದು, ಆದರೂ ಇಬ್ಬರ ಬಯಕೆಯೂ ಒಟ್ಟಿಗೆ ಈಡೇರದು. ನಾಯಿಮರಿಯ ಮುಂದೆ ನಿಂತವರ ಜಗಳ ಅಂಥದ್ದು, ಮತ್ತು ಅದು ನಿಜವಾದ ಜಗಳವೇ.

ನಿಮ್ಮ ಆತಂಕಕ್ಕೆ ಇನ್ನೊಂದು ಮುಖವೂ ಇರಬಹುದು: ಎಲ್ಲವೂ ನಮ್ಮ ನಿಲುವಾದರೆ, ನಾಳೆ ನಮ್ಮೆಲ್ಲರ ಮನಸ್ಸು ಕಲ್ಲಾದಾಗ ಕ್ರೌರ್ಯವೂ ಸರಿಯಾಗಿಬಿಡುತ್ತದೆಯೇ? ಸೈಮನ್ ಬ್ಲಾಕ್‌ಬರ್ನ್ 1984ರಿಂದೀಚೆಗೆ ಬೆಳೆಸಿದ ಉತ್ತರ ಹೀಗಿದೆ. ಆ ಪ್ರಶ್ನೆಯನ್ನು ಕೇಳುವಾಗ ನಾವು ಮನಸ್ಸು ಕಲ್ಲಾದ ಒಂದು ಲೋಕವನ್ನು ಕಲ್ಪಿಸಿಕೊಂಡು, ಅಲ್ಲಿ ನಡೆಯುವ ಕ್ರೌರ್ಯವನ್ನು ಇಂದಿನ ನಮ್ಮ ನಿಲುವಿನಿಂದಲೇ ಅಳೆಯುತ್ತೇವೆ. ನಾನು ವಿರೋಧಿಸುವುದು ಮರಿಯ ನೋವಿನ ಕಾರಣಕ್ಕೇ ಹೊರತು ನನ್ನ ವಿರೋಧದ ಕಾರಣಕ್ಕಲ್ಲ. ಆ ಲೋಕದಲ್ಲೂ ಮರಿ ಅಷ್ಟೇ ನರಳುತ್ತದೆ, ಆದ್ದರಿಂದ ಅಲ್ಲಿಯೂ ಅದು ತಪ್ಪು. ‘ನಾವು ಹೇಗೆ ಭಾವಿಸಿದರೂ ಕ್ರೌರ್ಯ ತಪ್ಪೇ’ ಎನ್ನುವ ಮಾತನ್ನು ಎಕ್ಸ್‌ಪ್ರೆಸಿವಿಸ್ಟ್ ಕೂಡ ಪೂರ್ಣ ಮನಸ್ಸಿನಿಂದ ಆಡಬಲ್ಲ. ‘ಕ್ರೌರ್ಯ ತಪ್ಪೆನ್ನುವುದು ನಿಜ’ ಎಂದೂ ಆತ ಹೇಳಬಲ್ಲ, ಏಕೆಂದರೆ ಅವನ ಪ್ರಕಾರ ‘ನಿಜ’ ಎಂಬ ಪದ ಹೇಳಿದ ಮಾತನ್ನೇ ಮತ್ತೊಮ್ಮೆ ಅನುಮೋದಿಸುತ್ತದೆ, ಅಷ್ಟೆ. ನೀವು ಓದಿದ ‘ನಿಜವೂ ಅಲ್ಲ, ಸುಳ್ಳೂ ಅಲ್ಲ’ ಎಂಬುದು ಏಯರ್‌ನ ಮಾತು, ಇಂದಿನವರದಲ್ಲ.

ಈಗ ಆ ತೊಂದರೆಯ ಜಾಗಕ್ಕೆ ಬರೋಣ. 1960ರ ದಶಕದಲ್ಲಿ ಪೀಟರ್ ಗೀಚ್ ತೋರಿಸಿದ ಸಮಸ್ಯೆಯೆಂದರೆ, ‘ತಪ್ಪು’ ಎಂಬ ಪದ ಯಾರೂ ಏನನ್ನೂ ವಿರೋಧಿಸದ ವಾಕ್ಯಗಳಲ್ಲೂ ಬರುತ್ತದೆ. ‘ಕ್ರೌರ್ಯ ತಪ್ಪಾದರೆ, ಅದನ್ನು ನೋಡಿ ಆನಂದಿಸುವುದೂ ತಪ್ಪು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಕ್ರೌರ್ಯದ ಬಗ್ಗೆ ಯಾವ ವಿರೋಧವೂ ಇಲ್ಲದವನು ಕೂಡ ಇದನ್ನು ಒಪ್ಪಬಹುದು. ಇದಕ್ಕೆ ‘ಕ್ರೌರ್ಯ ತಪ್ಪು’ ಎಂಬುದನ್ನು ಸೇರಿಸಿದರೆ ‘ನೋಡಿ ಆನಂದಿಸುವುದೂ ತಪ್ಪು’ ಎಂಬ ತೀರ್ಮಾನ ತಪ್ಪದೆ ಬರುತ್ತದೆ. ತರ್ಕ ಹೀಗೆ ಸಾಗಬೇಕಾದರೆ ಎರಡೂ ಕಡೆ ‘ತಪ್ಪು’ ಪದಕ್ಕೆ ಒಂದೇ ಅರ್ಥವಿರಬೇಕು. ಆದರೆ ‘ಆದರೆ’ಯ ಒಳಗೆ ಕುಳಿತ ‘ತಪ್ಪು’ ಯಾರ ವಿರೋಧವನ್ನೂ ಹೊರಗೆಡಹುತ್ತಿಲ್ಲ. ‘ಛೀ ಆದರೆ’ ಎಂದು ಯಾರಾದರೂ ವಾಕ್ಯ ಶುರುಮಾಡಿದರೆ ಅದು ಕನ್ನಡವೇ ಆಗುವುದಿಲ್ಲ.

ಇದನ್ನು ಷರತ್ತಿನ ವಾಕ್ಯಗಳ ಸಮಸ್ಯೆಯೆಂದು ಬಹುಕಾಲ ತಿಳಿಯಲಾಗಿತ್ತು. 1999ರಲ್ಲಿ ನಿಕೋಲಸ್ ಅನ್‌ವಿನ್ ಅದಕ್ಕಿಂತ ಸರಳವಾದ ನಿಷೇಧದಲ್ಲೇ, ನಿಮ್ಮ ‘ತಪ್ಪಲ್ಲ’ದಲ್ಲೇ, ಅದು ಹೇಗೆ ಕಾಣಿಸಿಕೊಳ್ಳುತ್ತದೆಂದು ಬಿಡಿಸಿಟ್ಟ. ‘ಕ್ರೌರ್ಯ ಎಸಗುವುದು ತಪ್ಪೆಂದು ಆತ ಭಾವಿಸುತ್ತಾನೆ’ ಎಂಬ ವಾಕ್ಯದಲ್ಲಿ ನಿಷೇಧವನ್ನು ಮೂರು ಕಡೆ ಇಡಬಹುದು. ತಪ್ಪೆಂದು ಆತ ಭಾವಿಸುವುದಿಲ್ಲ ಎನ್ನಬಹುದು. ಇದು ಆ ವಿಷಯವನ್ನು ಯೋಚಿಸಿಯೇ ಇಲ್ಲದವನಿಗೂ ಹೊಂದುತ್ತದೆ. ತಪ್ಪಲ್ಲವೆಂದು ಆತ ಭಾವಿಸುತ್ತಾನೆ ಎನ್ನಬಹುದು. ಇದು ನಮ್ಮ ಎರಡನೆಯ ನೋಡುಗನಿಗೆ ಹೊಂದುತ್ತದೆ. ಕ್ರೌರ್ಯ ಎಸಗದಿರುವುದು ತಪ್ಪೆಂದು ಭಾವಿಸುತ್ತಾನೆ ಎನ್ನಬಹುದು. ಅಂಥವನು ಹುಡುಗನನ್ನು ಹುರಿದುಂಬಿಸುತ್ತಾನೆ. ಮೂವರೂ ಬೇರೆ ಬೇರೆ ಮನುಷ್ಯರು. ಈಗ ‘ತಪ್ಪೆಂದು ಭಾವಿಸುತ್ತಾನೆ’ ಎನ್ನುವುದನ್ನು ತೆಗೆದು ‘ವಿರೋಧಿಸುತ್ತಾನೆ’ ಎಂದು ಬರೆಯಿರಿ. ‘ಕ್ರೌರ್ಯ ಎಸಗುವುದನ್ನು ವಿರೋಧಿಸುವುದಿಲ್ಲ’, ‘ಕ್ರೌರ್ಯ ಎಸಗದಿರುವುದನ್ನು ವಿರೋಧಿಸುತ್ತಾನೆ’ ಎಂಬ ಎರಡೇ ಜಾಗಗಳು ಉಳಿದವು. ಮೊದಲನೆಯವನಿಗೂ ಮೂರನೆಯವನಿಗೂ ಚೀಟಿ ಸಿಕ್ಕಿತು, ‘ತಪ್ಪಲ್ಲ’ ಎಂದವನಿಗೆ ಸಿಗಲಿಲ್ಲ. ಇದನ್ನು ಹಾಳೆಯ ಮೇಲೆ ಒಮ್ಮೆ ಬರೆದು ನೋಡಿ, ಓದುವುದಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ.

ಅವನಿಗಾಗಿ ‘ಸಹಿಸುವುದು’ ಎಂಬ ಇನ್ನೊಂದು ನಿಲುವನ್ನು ಸೇರಿಸಿದರಾಯಿತಲ್ಲ ಎನಿಸುತ್ತದೆ, ನಾನೂ ಉತ್ತರದ ಮೊದಲಲ್ಲಿ ಅದನ್ನೇ ಮಾಡಿದೆ. ಆದರೆ ‘ತಪ್ಪು’ ಮತ್ತು ‘ತಪ್ಪಲ್ಲ’ ಒಂದಕ್ಕೊಂದು ವಿರುದ್ಧವೆಂಬುದು ಆ ಪದಗಳಲ್ಲೇ ಇದೆ. ವಿರೋಧ, ಸಹನೆ ಎಂಬ ಎರಡು ಪ್ರತ್ಯೇಕ ನಿಲುವುಗಳು ಒಬ್ಬನಲ್ಲಿ ಒಟ್ಟಿಗಿದ್ದರೆ ಅದು ತಾರ್ಕಿಕ ವೈರುಧ್ಯ ಏಕಾಗಬೇಕು ಎಂಬುದನ್ನು ಸಿದ್ಧಾಂತ ವಿವರಿಸಬೇಕು. ಸುಮ್ಮನೆ ‘ಅವು ವಿರುದ್ಧ’ ಎಂದು ಘೋಷಿಸಿದರೆ ಸಾಲ ತೀರಿದಂತಾಗುವುದಿಲ್ಲ. ಆಲನ್ ಗಿಬ್ಬರ್ಡ್ ಒಂದು ನಿಲುವಿನೊಂದಿಗೆ ಭಿನ್ನಮತ ತಾಳುವುದನ್ನೇ ಮೂಲವೆಂದು ಇಟ್ಟುಕೊಂಡು ಈ ವಿವರಣೆಯನ್ನು ಕಟ್ಟಲು ನೋಡಿದ. ಅದು ಚತುರವಾದ ಕಟ್ಟಡವೇ, ಆದರೂ ವಿವರಿಸಬೇಕಾದುದನ್ನು ತಳಪಾಯಕ್ಕೆ ಹಾಕಿದಂತೆ ನನಗೆ ಕಾಣುತ್ತದೆ.

ಮಾರ್ಕ್ ಶ್ರೋಡರ್ 2008ರಲ್ಲಿ ಸೂಚಿಸಿದ ದಾರಿ ಇದಕ್ಕಿಂತ ಮುಂದೆ ಹೋಗುತ್ತದೆ. ವಿರೋಧವನ್ನು ಅವನು ಎರಡು ತುಂಡು ಮಾಡುತ್ತಾನೆ: ಕ್ರೌರ್ಯ ತಪ್ಪೆಂದು ಭಾವಿಸುವುದೆಂದರೆ, ಕ್ರೌರ್ಯ ಎಸಗಿದವರನ್ನು ದೂಷಿಸುವುದರ ಪರವಾಗಿ ನಿಲ್ಲುವುದು. ಆಗ ನಿಷೇಧಕ್ಕೆ ಮೂರನೆಯ ಜಾಗ ದೊರೆಯುತ್ತದೆ, ತಪ್ಪಲ್ಲವೆಂದು ಭಾವಿಸುವವನು ದೂಷಿಸದಿರುವುದರ ಪರವಾಗಿ ನಿಲ್ಲುತ್ತಾನೆ. ವೈರುಧ್ಯವೂ ಸಹಜವಾಗಿ ಬರುತ್ತದೆ, ಏಕೆಂದರೆ ಹೋಗುವೆನೆಂದೂ ಹೋಗೆನೆಂದೂ ಒಟ್ಟಿಗೆ ಸಂಕಲ್ಪಿಸುವವನಂತೆ, ಇಲ್ಲಿಯೂ ಒಂದೇ ನಿಲುವು ಪರಸ್ಪರ ವಿರುದ್ಧವಾದ ಎರಡು ಗುರಿಗಳತ್ತ ಹೊರಳುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮಾತ್ರ ಹೆಚ್ಚು. ‘ಮರಿಗೆ ನೋವಾಯಿತು ಮತ್ತು ಹುಡುಗ ಮಾಡಿದ್ದು ತಪ್ಪು’ ಎಂಬ ಬೆರಕೆ ವಾಕ್ಯಕ್ಕೂ ಇದೇ ತರ್ಕ ಹೊಂದಬೇಕಾದರೆ, ‘ಮರಿಗೆ ನೋವಾಯಿತು’ ಎಂಬ ಸಾಮಾನ್ಯ ನಂಬಿಕೆಯನ್ನೂ ಯಾವುದೋ ಒಂದರ ಪರವಾಗಿ ನಿಲ್ಲುವುದೆಂದೇ ವಿವರಿಸಬೇಕಾಗುತ್ತದೆ. ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದ ಶ್ರೋಡರ್‌ನೇ ಎಕ್ಸ್‌ಪ್ರೆಸಿವಿಸಂ ಬಹುಶಃ ನಿಲ್ಲಲಾರದು ಎಂಬ ತೀರ್ಮಾನಕ್ಕೆ ಬಂದ.

ನನ್ನ ನಿಲುವನ್ನೂ ಹೇಳುವುದು ನ್ಯಾಯ. ಪಟ್ಟಿಯ ವಾದ ನನ್ನನ್ನು ಇಂದಿಗೂ ಹಿಡಿದಿದೆ. ಎರಡನೆಯ ನೋಡುಗನಿಗೆ ಮುಟ್ಟಿಸಬೇಕಾದ ಸಾಲು ಯಾವುದೆಂದು ನನಗೆ ಗೊತ್ತಿಲ್ಲ, ಅವನಿಗೆ ಕೊರತೆಯಾಗಿರುವುದು ಮಾಹಿತಿ ಎಂದು ನನಗೆ ಅನಿಸುವುದೂ ಇಲ್ಲ. ಆದರೆ ‘ತಪ್ಪು’, ‘ತಪ್ಪಲ್ಲ’, ‘ತಪ್ಪಾದರೆ’ ಎಂಬ ಮೂರೂ ರೂಪಗಳು ತರ್ಕದಲ್ಲಿ ‘ಬಿಸಿ’, ‘ಬಿಸಿಯಲ್ಲ’, ‘ಬಿಸಿಯಾದರೆ’ ಎಂಬುವುಗಳಂತೆಯೇ ನಡೆದುಕೊಳ್ಳುತ್ತವೆ, ಮತ್ತು ಅದೇಕೆಂಬುದಕ್ಕೆ, ನೈತಿಕ ಮಾತೂ ಸಂಗತಿಯನ್ನೇ ವರದಿ ಮಾಡುತ್ತದೆ ಎನ್ನುವ ಸಂಗತಿವಾದಿಯ ಬಳಿ ಇರುವಷ್ಟು ನೇರವಾದ ಉತ್ತರ ಎಕ್ಸ್‌ಪ್ರೆಸಿವಿಸ್ಟರ ಬಳಿ ಇನ್ನೂ ಇಲ್ಲ. ಆದ್ದರಿಂದ ಇವರ ಮೇಲೆ ಆಕ್ಷೇಪ ಎತ್ತುವುದಾದರೆ, ಕ್ರೌರ್ಯಕ್ಕೆ ಪರವಾನಗಿ ಕೊಟ್ಟರೆಂದು ಎತ್ತಬೇಡಿ, ಅದನ್ನು ಅವರು ಕೊಟ್ಟಿಲ್ಲ. ಆ ಇಬ್ಬರಲ್ಲಿ ಎರಡನೆಯವನು ‘ತಪ್ಪಲ್ಲ’ ಎಂದಾಗ ಅವನ ಮನಸ್ಸಿನಲ್ಲಿ ಏನಿದೆ, ಮತ್ತು ಅದು ಮೊದಲನೆಯವನ ಮಾತಿಗೆ ಏಕೆ ವಿರುದ್ಧವಾಗುತ್ತದೆ ಎಂದು ಕೇಳಿ.