ಬಾಗಿಲು ಹಾಕಿಕೊಂಡವರೇ ‘ಬಿಟ್ಟುಹೋದಳು’ ಎಂದಾಗ

ಪ್ರಶ್ನೆ: ನನ್ನ ತವರು ಅಂಕೋಲಾ, ಗಂಡನ ಮನೆ ಶಿರಸಿ ತಾಲ್ಲೂಕಿನ ಹಳ್ಳಿ. 2013ರಲ್ಲಿ ಮದುವೆಯಾಯಿತು, ಒಬ್ಬಳು ಮಗಳು. 2019ರಲ್ಲಿ ಗಂಡ ಹೊಡೆದು ಕೈ ಮುರಿದಾಗ ಆಸ್ಪತ್ರೆಯಲ್ಲಿ ‘ತೋಟದಲ್ಲಿ ಜಾರಿಬಿದ್ದೆ’ ಎಂದು ಹೇಳಿದ್ದೆ. ಹಿರಿಯರು ಕೂತು ಮಾತಾಡಿ ಮತ್ತೆ ಕಳಿಸಿದರು. 2022ರ ಜೂನ್‌ನಲ್ಲಿ ಒಂದು ರಾತ್ರಿ ನನ್ನ ಬಟ್ಟೆಯ ಚೀಲವನ್ನು ಅಂಗಳಕ್ಕೆಸೆದು ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯಲ್ಲಿ ಮಲಗಿದ್ದು ಬೆಳಿಗ್ಗೆ ತವರಿಗೆ ಬಂದೆ. ಈಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. 2024ರ ಮಾರಿಕಾಂಬಾ ಜಾತ್ರೆಗೆ ಅತ್ತೆ ಕರೆದರೆಂದು ಮಗಳೊಂದಿಗೆ ಹೋಗಿ ಎರಡು ರಾತ್ರಿ ಇದ್ದು ಬಂದೆ. ಈಗ ಅವರಿಂದ ವಕೀಲರ ನೋಟಿಸ್ ಬಂದಿದೆ: ನಾನೇ ಮನೆ ಬಿಟ್ಟುಹೋದೆನಂತೆ, ಅಂಗಡಿ ಮಾಲೀಕರೊಡನೆ ನನಗೆ ಸಂಬಂಧವಿದೆಯಂತೆ, 15 ದಿನದೊಳಗೆ ಬರದಿದ್ದರೆ ವಿಚ್ಛೇದನವಂತೆ. ನನಗೂ ಈ ಸಂಸಾರ ಬೇಡ. ಆದರೆ ಈ ಕಳಂಕ ಹೊತ್ತು ಬೇಡ. ನನ್ನ ಕೈಯಲ್ಲಿ ಸಾಕ್ಷ್ಯವೆಂದು ಏನಿದೆ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಮೊದಲು ಆ ನೋಟಿಸನ್ನು, ಅದು ಬಂದ ಲಕೋಟೆಯ ಸಮೇತ, ಜೋಪಾನವಾಗಿ ತೆಗೆದಿಡಿ ತಂಗಿ. ಸಿಟ್ಟಿನಲ್ಲಿ ಹರಿದು ಹಾಕಬೇಡಿ. ನಿಮ್ಮ ಪ್ರಕರಣದಲ್ಲಿ ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರಬಹುದಾದ ಕಾಗದವನ್ನು ನಿಮ್ಮ ಗಂಡನೇ ಅಂಚೆಯಲ್ಲಿ ಕಳಿಸಿದ್ದಾರೆ. ಏಕೆಂದು ಮುಂದೆ ಹೇಳುತ್ತೇನೆ.

ನೀವು ಹಿಂದೂ ಸಂಪ್ರದಾಯದಂತೆ ಮದುವೆಯಾದವರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಕ್ರೈಸ್ತರಿಗೆ, ಮುಸ್ಲಿಮರಿಗೆ ಬೇರೆ ಕಾಯ್ದೆಗಳಿವೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂನಲ್ಲಿ ಕ್ರೌರ್ಯವೂ ಪರಿತ್ಯಾಗವೂ ಎರಡು ಪ್ರತ್ಯೇಕ ಕಾರಣಗಳು. ಪರಿತ್ಯಾಗಕ್ಕೆ ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ಎಡೆಬಿಡದೆ ಬಿಟ್ಟಿರಬೇಕು. ಕ್ರೌರ್ಯಕ್ಕೆ ಅಂಥ ಕಾಲಮಿತಿ ಇಲ್ಲ.

ನಮ್ಮ ಕಡೆ ಜನ ಪರಿತ್ಯಾಗವನ್ನು ಬಸ್ ಟಿಕೆಟ್‌ನಿಂದ ಅಳೆಯುತ್ತಾರೆ. ಯಾರು ಗಂಟು ಕಟ್ಟಿಕೊಂಡು ಬಸ್ ಹತ್ತಿದರೋ ಅವರು ಬಿಟ್ಟುಹೋದವರು ಎಂಬ ಲೆಕ್ಕ. ಕಾನೂನು ಹಾಗೆ ನೋಡುವುದಿಲ್ಲ. ಬೇರೆಯಾಗಿರುವುದು ಒಂದು, ಸಂಸಾರವನ್ನು ಶಾಶ್ವತವಾಗಿ ಮುಗಿಸಿಬಿಡುವ ಮನಸ್ಸು ಇನ್ನೊಂದು. ಎರಡೂ ಒಟ್ಟಿಗೆ ಇರಬೇಕು ಎಂದು ಸುಪ್ರೀಂ ಕೋರ್ಟ್ ಬಿಪಿನಚಂದ್ರ ಶಾ ಪ್ರಕರಣದಲ್ಲಿ, 1950ರ ದಶಕದಲ್ಲೇ, ಹೇಳಿಯಾಗಿದೆ. ಜೊತೆಗೆ, ಬಿಟ್ಟುಹೋದವರಿಗೆ ಸಕಾರಣವಿರಬಾರದು, ಇನ್ನೊಬ್ಬರ ಒಪ್ಪಿಗೆಯೂ ಇರಬಾರದು. ಹಾಗಾಗಿ ಹೆಂಡತಿ ಇರಲಾರದ ಸ್ಥಿತಿಯನ್ನು ತಂದು ಅವಳನ್ನು ಹೊರದಬ್ಬಿದ ಗಂಡ, ತನ್ನ ಮನೆಯ ಜಗಲಿಯಿಂದ ಒಂದು ಹೆಜ್ಜೆ ಕದಲದಿದ್ದರೂ, ಕಾನೂನಿನ ಕಣ್ಣಿನಲ್ಲಿ ಪರಿತ್ಯಾಗ ಮಾಡಿದವನು ಅವನೇ. ಚೀಲ ಅಂಗಳಕ್ಕೆ ಬಿದ್ದ ಆ ಜೂನ್ ರಾತ್ರಿಯನ್ನು ನೀವು ಸಾಬೀತುಪಡಿಸಿದರೆ ನೋಟಿಸಿನ ಕಥೆ ತಲೆಕೆಳಗಾಗುತ್ತದೆ.

ಆ ರಾತ್ರಿಗೆ ನಿಮ್ಮ ಸಾಕ್ಷಿ ಯಾರು? ‘ನನ್ನ ತಾಯಿ, ಅಣ್ಣ’ ಎಂದು ಹೆಚ್ಚಿನವರು ಹೇಳುತ್ತಾರೆ. ಅವರು ಬೇಕು, ಸಂಬಂಧಿಕರೆಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಅಂಕೋಲೆಯಲ್ಲಿದ್ದ ತಾಯಿಗೆ ಶಿರಸಿಯ ಅಂಗಳದಲ್ಲಿ ಏನಾಯಿತೆಂದು ಗೊತ್ತಿರುವುದು ನೀವು ಹೇಳಿದ್ದರಿಂದ. ಪಾಟೀ ಸವಾಲಿನಲ್ಲಿ ‘ನೀವು ಕಣ್ಣಾರೆ ಕಂಡಿರಾ?’ ಎಂಬ ಒಂದೇ ಪ್ರಶ್ನೆಗೆ ಅವರು ‘ಇಲ್ಲ’ ಎನ್ನಬೇಕಾಗುತ್ತದೆ. ಅವರು ಕಣ್ಣಾರೆ ಕಂಡದ್ದೆಂದರೆ ಮರುದಿನ ನೀವು ಯಾವ ಸ್ಥಿತಿಯಲ್ಲಿ, ಏನು ಹಿಡಿದುಕೊಂಡು, ಎಷ್ಟು ಹೊತ್ತಿಗೆ ಬಂದಿರಿ ಎಂಬುದು. ಅಷ್ಟನ್ನೇ ಹೇಳಲಿ, ಸೇರಿಸಿ ಹೇಳುವುದು ಬೇಡ. ನಿಜವಾದ ಸಾಕ್ಷಿ ನೀವು ರಾತ್ರಿ ಕಳೆದ ಪಕ್ಕದ ಮನೆಯವರು. ಬಾಗಿಲು ಬಡಿದ ಸದ್ದು, ಅಂಗಳದಲ್ಲಿದ್ದ ಚೀಲ, ಮಳೆಯಲ್ಲಿ ನೆನೆದು ನಿಂತಿದ್ದ ನೀವು, ಇದನ್ನು ಹೇಳಬಲ್ಲವರು ಅವರೇ. ಊರಿನಲ್ಲಿ ನಾಳೆಯೂ ನಿಮ್ಮ ಗಂಡನ ಮುಖ ನೋಡಬೇಕಾದವರು, ಬರಲು ಹಿಂಜರಿಯುತ್ತಾರೆ. ಆಗ ನ್ಯಾಯಾಲಯದ ಮೂಲಕ ಸಮನ್ಸ್ ಕಳಿಸಬಹುದು. ‘ಕೋರ್ಟಿನವರು ಕರೆದರು, ಹೋದೆ’ ಎನ್ನುವುದು ಅವರಿಗೂ ಹಗುರ. ತೀರ ವಯಸ್ಸಾದವರಾದರೆ ನ್ಯಾಯಾಲಯ ನೇಮಿಸಿದ ಕಮಿಷನರ್ ಮನೆಗೇ ಹೋಗಿ ಹೇಳಿಕೆ ಬರೆದುಕೊಳ್ಳುವ ವ್ಯವಸ್ಥೆಯೂ ಇದೆ.

ಈಗ ಜಾತ್ರೆಯ ವಿಷಯ. ಎದುರಿನ ವಕೀಲರು ಅದನ್ನು ಖಂಡಿತ ಎತ್ತುತ್ತಾರೆ: ‘ಎರಡು ರಾತ್ರಿ ಇದ್ದಿರಿ, ಅಂದರೆ ಸಂಸಾರ ಮತ್ತೆ ಶುರುವಾಯಿತು, ಎರಡು ವರ್ಷದ ಲೆಕ್ಕ ಮುರಿಯಿತು.’ ಅಷ್ಟು ಸುಲಭವಲ್ಲ. ಅತ್ತೆಯ ಕರೆಯ ಮೇಲೆ, ಮೊಮ್ಮಗಳು ಅಜ್ಜಿಯನ್ನು ನೋಡಲೆಂದು, ತೇರು ನೋಡಿ ಹಿಂತಿರುಗುವ ಉದ್ದೇಶದಿಂದ ಹೋದದ್ದು ದಾಂಪತ್ಯವನ್ನು ಪುನಃ ಆರಂಭಿಸಿದಂತಲ್ಲ. ನೋಡಬೇಕಾದದ್ದು ಇಬ್ಬರ ಮನಸ್ಸು ಮತ್ತು ನಡೆ. ಎಷ್ಟು ಬಟ್ಟೆ ಒಯ್ದಿದ್ದಿರಿ, ಎಲ್ಲಿ ಮಲಗಿದಿರಿ, ಅಂಗಡಿಯಲ್ಲಿ ಎಷ್ಟು ದಿನದ ರಜೆ ಕೇಳಿದ್ದಿರಿ, ಅತ್ತೆ ಕರೆದ ಫೋನ್ ಅಥವಾ ಸಂದೇಶ ಇದೆಯೇ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಆ ಭೇಟಿಯನ್ನು ಅರ್ಜಿಯಲ್ಲಿ ನೀವೇ ಮೊದಲು ಬರೆಯಿರಿ. ನೀವು ಮುಚ್ಚಿಟ್ಟು ಅವರು ತೆಗೆದರೆ ಎರಡು ರಾತ್ರಿ ಎರಡು ತಿಂಗಳಾಗಿ ಬೆಳೆಯುತ್ತದೆ. ತೀರ ಪ್ರತಿಕೂಲವಾಗಿ, ಜಾತ್ರೆಯ ನಂತರದಿಂದಲೇ ಎಣಿಸಿದರೂ, 2026ರ ಮಾರ್ಚ್ ಕೊನೆಗೆ ಎರಡು ವರ್ಷ ತುಂಬುತ್ತದೆ.

ಆದರೂ ನನ್ನ ಸಲಹೆ: ಕ್ರೌರ್ಯವನ್ನು ಮುಖ್ಯ ಕಾರಣವಾಗಿ, ಪರಿತ್ಯಾಗವನ್ನು ಅದರ ಜೊತೆಗೆ ಇಟ್ಟು ಒಂದೇ ಅರ್ಜಿ ಹಾಕಿ. ದಿನಗಳ ಲೆಕ್ಕದಲ್ಲಿ ಜಗಳ ಬಂದರೂ ಕ್ರೌರ್ಯವೆಂಬ ಕಾರಣ ಉಳಿದುಕೊಳ್ಳುತ್ತದೆ.

2019ರ ಕೈಮುರಿತಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು ‘ಜಾರಿಬಿದ್ದೆ’ ಎಂಬ ಆಸ್ಪತ್ರೆಯ ದಾಖಲೆ. ಗಂಡ ಪಕ್ಕದಲ್ಲೇ ನಿಂತಿರುವಾಗ ಯಾವ ಹೆಣ್ಣುಮಗಳೂ ಬೇರೇನು ಹೇಳಿಯಾಳು? ನ್ಯಾಯಾಧೀಶರಿಗೂ ಇದು ಹೊಸದಲ್ಲ. ಆದರೆ ವಿವರಣೆ ಪಾಟೀ ಸವಾಲಿನಲ್ಲಿ ಮೊದಲ ಬಾರಿ ಬಂದರೆ ಕಟ್ಟುಕಥೆಯಂತೆ ಕಾಣುತ್ತದೆ. ಆದ್ದರಿಂದ ‘ಜೊತೆಗೆ ಬಂದಿದ್ದ ಗಂಡನ ಭಯದಿಂದ ಹಾಗೆ ಹೇಳಿದೆ’ ಎಂಬುದು, ಅದೇ ನಿಜವಾಗಿದ್ದರೆ, ಅರ್ಜಿಯಲ್ಲಿಯೇ ಇರಬೇಕು. ಚೀಟಿ, ಎಕ್ಸ್‌ರೇ ಇದ್ದರೆ ಹಾಜರುಪಡಿಸಿ. ಗಾಯವಾದದ್ದು, ಅದರ ದಿನಾಂಕ, ಇಷ್ಟಾದರೂ ಅದರಿಂದ ಗಟ್ಟಿಯಾಗುತ್ತದೆ. ಗಾಯ ಹೇಗಾಯಿತೆಂಬುದಕ್ಕೆ ಹಿರಿಯರ ಸಭೆಗೆ ಬನ್ನಿ. ಅಲ್ಲಿ ನೀವು ಅತ್ತು ಹೇಳಿಕೊಂಡದ್ದಕ್ಕಿಂತ ಅವರು ಒಪ್ಪಿಕೊಂಡದ್ದಕ್ಕೆ ಬೆಲೆ ಹೆಚ್ಚು. ‘ಸಿಟ್ಟು ಬಂತು, ಕೈ ಎತ್ತಿದೆ, ಇನ್ನು ಮಾಡುವುದಿಲ್ಲ’ ಎಂದು ನಿಮ್ಮ ಗಂಡ ನಾಲ್ಕು ಜನರೆದುರು ಅಂದಿದ್ದರೆ, ಅದನ್ನು ಕಿವಿಯಾರೆ ಕೇಳಿದ ಒಬ್ಬ ಹಿರಿಯರು ಬಂದು ಹೇಳಿದರೆ, ಅದು ಎದುರು ಪಕ್ಷದವರ ಸ್ವಂತ ಒಪ್ಪಿಗೆ. ಆ ದಿನ ಏನಾದರೂ ಬರೆಸಿಕೊಂಡಿದ್ದರೆ ಆ ಹಾಳೆಯನ್ನು ಹುಡುಕಿ, ಯಾರದೋ ಮನೆಯ ಪೆಟ್ಟಿಗೆಯಲ್ಲಿ ಇದ್ದೀತು.

ಎರಡನೆಯ ಅಡ್ಡಿ ಕ್ಷಮೆ. ಹೊಡೆತದ ನಂತರ ನೀವು ಹಿಂತಿರುಗಿ ಹೋಗಿ ಮೂರು ವರ್ಷ ಬಾಳಿದಿರಿ. ಕ್ರೌರ್ಯವನ್ನು ಕ್ಷಮಿಸಿದ್ದರೆ ಅದೇ ಕಾರಣದ ಮೇಲೆ ವಿಚ್ಛೇದನ ಕೊಡಬಾರದೆಂದು 23ನೇ ಕಲಂ ಹೇಳುತ್ತದೆ. ಆದರೆ ಈ ಕ್ಷಮೆ ಷರತ್ತಿನ ಮೇಲಿನದು: ಮತ್ತೆ ಹಾಗೆ ನಡೆದುಕೊಳ್ಳಬಾರದು. 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ. 2022ರಲ್ಲಿ ಹೊರಹಾಕಿದ್ದು ಸಾಬೀತಾದರೆ 2019ರ ಹಳೆಯ ಗಾಯಕ್ಕೂ ಜೀವ ಬರುತ್ತದೆ. ಅದೇ ತೀರ್ಪು ಇನ್ನೊಂದು ಸಮಾಧಾನದ ಮಾತನ್ನೂ ಹೇಳಿದೆ. ಇಲ್ಲಿ ಕ್ರಿಮಿನಲ್ ಪ್ರಕರಣದಂತೆ ಸಂಶಯಕ್ಕೆಡೆಯಿಲ್ಲದ ಪುರಾವೆ ಬೇಡ, ತಕ್ಕಡಿ ಯಾರ ಕಡೆ ವಾಲುತ್ತದೆ ಎಂಬುದಷ್ಟೇ ಸಾಕು.

2019 ಮತ್ತು 2022ರ ನಡುವೆ ಏನೇನಾಯಿತು ಎಂಬುದನ್ನು ನೀವು ಬರೆದಿಲ್ಲ. ಅರ್ಜಿಯಲ್ಲಿ ‘ದಿನನಿತ್ಯ ಮಾನಸಿಕ ಹಿಂಸೆ ಕೊಡುತ್ತಿದ್ದರು’ ಎಂಬ ಸಾಲನ್ನು ಮಾತ್ರ ದಯವಿಟ್ಟು ಹಾಕಿಸಬೇಡಿ. ಟೈಪಿಸ್ಟರ ಕಂಪ್ಯೂಟರಿನಲ್ಲಿ ಅದು ಮೊದಲೇ ತಯಾರಾಗಿ ಕೂತಿರುತ್ತದೆ, ಎಷ್ಟೋ ಅರ್ಜಿಗಳನ್ನು ಅದೊಂದೇ ಸಾಲು ಮುಳುಗಿಸಿದ್ದನ್ನು ಕಂಡಿದ್ದೇನೆ. ಮೂರೇ ಘಟನೆಗಳಿರಲಿ, ಪ್ರತಿಯೊಂದಕ್ಕೂ ತಿಂಗಳು, ಸ್ಥಳ, ಆಡಿದ ಮಾತು, ಎದುರಿಗಿದ್ದವರು ಯಾರು ಎಂಬುದಿರಲಿ. ಅಡಿಕೆ ಕೊಯ್ಲಿನ ಸಮಯ, ಗಣೇಶ ಚೌತಿಯ ಹಿಂದಿನ ದಿನ ಎಂದು ನೆನಪಿಟ್ಟಿದ್ದರೂ ಸಾಕು. ಅರ್ಜಿಯಲ್ಲಿ ಇಲ್ಲದ ಘಟನೆಯನ್ನು ಆಮೇಲೆ ಸಾಕ್ಷಿಯಲ್ಲಿ ಹೇಳಿದರೆ ಎದುರಿನವರ ಆಕ್ಷೇಪಣೆಗೆ ಬಲ ಬರುತ್ತದೆ. ಸಾರು ಉಪ್ಪಾಯಿತೆಂದು ಅತ್ತೆ ಬೈದದ್ದನ್ನು ಬಿಟ್ಟುಬಿಡಿ. ಮನೆಮನೆಯ ಸಣ್ಣಪುಟ್ಟ ಕಿರಿಕಿರಿ ಕ್ರೌರ್ಯವಲ್ಲ, ಅಂಥವನ್ನು ತುಂಬಿದರೆ ಕೈ ಮುರಿದದ್ದೂ ಹಗುರವಾಗಿ ಕಾಣುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬೆದರಿಕೆ, ಬೈಗುಳ ಇದ್ದರೆ ಆ ಮೊಬೈಲನ್ನು ಮಾರಬೇಡಿ, ಅಳಿಸಬೇಡಿ. ಬೇಕಾದಷ್ಟೇ ಕತ್ತರಿಸಿದ ಸ್ಕ್ರೀನ್‌ಶಾಟ್ ಅನುಮಾನ ಹುಟ್ಟಿಸುತ್ತದೆ, ಹಿಂದುಮುಂದಿನ ಸಂಭಾಷಣೆಯೂ ಇರಲಿ. ಪ್ರಿಂಟ್ ಹಾಕಿಸಿದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ದೃಢೀಕರಣ ಪತ್ರವೂ ಬೇಕು. ಅದರ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಫೋನ್ ಮಾತುಗಳನ್ನು ಅವರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡಿದ್ದರೂ ಹೆದರಬೇಡಿ. ದಂಪತಿಗಳ ನಡುವಿನ ವ್ಯಾಜ್ಯದಲ್ಲಿ ಅಂಥ ಮುದ್ರಣವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ದನಿ ಅವರದೇ, ತಿದ್ದಿಲ್ಲ ಎಂಬುದನ್ನು ಮಾತ್ರ ನೀವು ತೋರಿಸಬೇಕು.

ಇನ್ನು ಆ ನೋಟಿಸ್. ಅಂಗಡಿ ಮಾಲೀಕರ ಹೆಸರು ತಂದು ನಿಮ್ಮ ಶೀಲದ ಮೇಲೆ ಕೆಸರೆರಚಿದ್ದಾರೆ. ಇದನ್ನೇ ಅವರು ನಿಮ್ಮ ಅರ್ಜಿಗೆ ಕೊಡುವ ತಕರಾರಿನಲ್ಲಿ ಬರೆದರೆ ಸಾಬೀತುಪಡಿಸುವ ಹೊರೆ ಅವರದು. ಸಾಬೀತಾಗದಿದ್ದರೆ, ಲಿಖಿತ ಹೇಳಿಕೆಯಲ್ಲಿ ಮಾಡಿದ ಅಂಥ ಆರೋಪವೇ ಮಾನಸಿಕ ಕ್ರೌರ್ಯ, ಆಮೇಲೆ ಹಿಂತೆಗೆದುಕೊಂಡರೂ ಕ್ರೌರ್ಯ ಅಳಿಯದು ಎಂದು 2003ರ ವಿಜಯಕುಮಾರ ಭಾಟೆ ಪ್ರಕರಣದಲ್ಲಿ ತೀರ್ಪಾಗಿದೆ. ‘ಮನೆಗೆ ಬಾ’ ಎಂಬ ಕರೆಯೂ ಅದೇ ಹಾಳೆಯಲ್ಲಿದೆ. ಶೀಲಗೆಟ್ಟವಳೆಂದು ಬೈದು ಅದೇ ಉಸಿರಿನಲ್ಲಿ ಕರೆಯುವುದು ಪ್ರಾಮಾಣಿಕ ಕರೆಯಲ್ಲ ಎಂದು ನಿಮ್ಮ ವಕೀಲರು ವಾದಿಸಬಹುದು.

ಉತ್ತರ ಕೊಡುವಾಗ ಒಂದು ಎಚ್ಚರ. ಎಷ್ಟೋ ವಕೀಲರು ರೂಢಿಯಿಂದ ‘ನಮ್ಮ ಕಕ್ಷಿದಾರರು ಇಂದಿಗೂ ಸಂಸಾರ ಮಾಡಲು ಸಿದ್ಧರಿದ್ದಾರೆ’ ಎಂದು ಸೇರಿಸುತ್ತಾರೆ. ಜೀವನಾಂಶದ ಮೊಕದ್ದಮೆಯಲ್ಲಿ ಆ ಸಾಲು ಚಂದ ಕಾಣುತ್ತದೆ. ನಿಮಗೆ ಅದು ಬೇಡ. ಇಂದು ಸಿದ್ಧಳೆಂದು ಬರೆದು ನಾಳೆ ಇರಲು ಸಾಧ್ಯವೇ ಇಲ್ಲವೆಂದು ಪ್ರಮಾಣ ಮಾಡಿದರೆ ಪಾಟೀ ಸವಾಲಿನಲ್ಲಿ ಅದೊಂದನ್ನೇ ಹಿಡಿದು ಅರ್ಧ ಗಂಟೆ ನಿಲ್ಲಿಸುತ್ತಾರೆ. ಆರೋಪ ಸುಳ್ಳು, ಹೊರಹಾಕಿದವರು ಗಂಡನೇ, ದಿನಾಂಕ ಇಂಥದ್ದು, ಇಷ್ಟೇ ಇರಲಿ. ಸಹಿ ಹಾಕುವ ಮೊದಲು ಕರಡನ್ನು ಕನ್ನಡದಲ್ಲಿ ಓದಿಸಿ ಕೇಳಿ.

ಅರ್ಜಿಗಾಗಿ ಘಟ್ಟ ಹತ್ತಿ ಶಿರಸಿಗೆ ಅಲೆಯಬೇಕಿಲ್ಲ. ಹೆಂಡತಿ ಅರ್ಜಿದಾರಳಾದರೆ ತಾನು ವಾಸಿಸುವ ಊರಿಗೆ ಸಂಬಂಧಪಟ್ಟ ನ್ಯಾಯಾಲಯದಲ್ಲೇ ಸಲ್ಲಿಸಬಹುದೆಂದು 2003ರಿಂದ ಕಾಯ್ದೆಯಲ್ಲಿದೆ. ವ್ಯಾಜ್ಯ ನಡೆಯುವಷ್ಟು ಕಾಲದ ಜೀವನಾಂಶ ಮತ್ತು ಖರ್ಚನ್ನು 24ನೇ ಕಲಂ ಕೆಳಗೆ ಅಲ್ಲಿಯೇ ಕೇಳಬಹುದು, ಅಂಗಡಿಯ ಸಂಬಳವನ್ನು ಮಾತ್ರ ಮುಚ್ಚಿಡಬೇಡಿ. ಅವರು ಮೊದಲೇ ಶಿರಸಿಯಲ್ಲಿ ಅರ್ಜಿ ಹಾಕಿ ನಿಮಗೆ ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ. ಗೈರಾದರೆ ಏಕಪಕ್ಷೀಯ ತೀರ್ಪು ಬರುತ್ತದೆ, ‘ಬಿಟ್ಟುಹೋದವಳು’ ಎಂಬುದೇ ದಾಖಲೆಯಲ್ಲಿ ಉಳಿಯುತ್ತದೆ. ಆ ಹದಿನೈದು ದಿನ ಮುಗಿಯುವುದರೊಳಗೆ ನೋಟಿಸಿನ ಉತ್ತರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ರಸೀದಿ ನಿಮ್ಮ ಬಳಿ ಇರಲಿ.