ಸ್ಥಾಯಿ ಸ್ಥಿತಿಯ ಸಂಭವನೀಯತೆ ಏಕೆ ಬದಲಾಗುವುದಿಲ್ಲ?

ಪ್ರಶ್ನೆ: ಸ್ಥಾಯಿ ಸ್ಥಿತಿಯ ತರಂಗ ಫಲನದಲ್ಲೂ t ಇದೆಯಲ್ಲ, ಮತ್ತೆ ಅದರ ಸಂಭವನೀಯತಾ ಸಾಂದ್ರತೆ ಬದಲಾಗುವುದಿಲ್ಲ ಏಕೆ?

ಉತ್ತರ: t ಇರುವುದು e^(−iEt/ħ) ಎಂಬ ಗುಣಕದಲ್ಲಿ ಮಾತ್ರ. ಅದರ ಪರಿಮಾಣ ಯಾವಾಗಲೂ 1, ಹಾಗಾಗಿ |Ψ|² ಲೆಕ್ಕ ಹಾಕುವಾಗ ಅದು ಕಳೆದುಹೋಗಿ |ψ(x)|² ಅಷ್ಟೇ ಉಳಿಯುತ್ತದೆ.

ಈ ಗುಣಕ ಬರುವುದು ಹೀಗೆ. ವಿಭವ V ಕಾಲವನ್ನು ಅವಲಂಬಿಸದಿದ್ದರೆ Ψ = ψ(x)f(t) ಎಂದಿಟ್ಟು, ಶ್ರೋಡಿಂಗರ್ ಸಮೀಕರಣವನ್ನು ψf ಇಂದ ಭಾಗಿಸಿ. ಎಡಗಡೆ iħf′/f, ಅದರಲ್ಲಿ t ಮಾತ್ರ. ಬಲಗಡೆ x ಮಾತ್ರ. x ಬದಲಿಸಿದರೆ ಎಡಭಾಗ ಅಲ್ಲಾಡುವಂತಿಲ್ಲ, ಆದ್ದರಿಂದ ಬಲಭಾಗವೂ ಅಲ್ಲಾಡುವಂತಿಲ್ಲ. ಎರಡೂ ಒಂದೇ ಸ್ಥಿರಾಂಕ E, ಅಂದರೆ ಶಕ್ತಿ. ಆಗ iħf′ = Ef, ಇದರ ಪರಿಹಾರವೇ ಮೇಲಿನ ಗುಣಕ. E ವಾಸ್ತವ ಸಂಖ್ಯೆಯೇ ಆಗಿರಬೇಕು. ಇಲ್ಲದಿದ್ದರೆ ಒಟ್ಟು ಸಂಭವನೀಯತೆ 1 ಆಗಿ ಉಳಿಯದೆ ಕಾಲದೊಂದಿಗೆ ಬೆಳೆಯುತ್ತದೆ ಇಲ್ಲವೇ ಕುಗ್ಗುತ್ತದೆ.

ಎರಡು ಶಕ್ತಿಗಳು ಬೆರೆತರೆ ಮಾತ್ರ ಚಲನೆ ಕಾಣುತ್ತದೆ. ಅನಂತ ಎತ್ತರದ ವಿಭವ ಗೋಡೆಗಳ ಪೆಟ್ಟಿಗೆಯಲ್ಲಿ ಮೊದಲೆರಡು ಶಕ್ತಿಗಳಿಗೆ E₂ = 4E₁. ಮೊದಲೆರಡು ಸ್ಥಿತಿಗಳನ್ನು ಸಮಪಾಲಿನಲ್ಲಿ ಕೂಡಿಸಿದರೆ

|Ψ|² = ½ψ₁² + ½ψ₂² + ψ₁ψ₂ cos(3E₁t/ħ)

ಕೊನೆಯ ಪದದಿಂದಾಗಿ ಸಾಂದ್ರತೆ ಪೆಟ್ಟಿಗೆಯ ಎಡ ಅರ್ಧಕ್ಕೂ ಬಲ ಅರ್ಧಕ್ಕೂ ತೂಗಾಡುತ್ತದೆ. ಅಲ್ಲಿ ಉಳಿದದ್ದು ಶಕ್ತಿಗಳ ವ್ಯತ್ಯಾಸ ಎಂಬುದನ್ನು ಗಮನಿಸಿ. ಒಂದೇ ಶಕ್ತಿ ಇದ್ದಾಗ ಆ ವ್ಯತ್ಯಾಸ ಸೊನ್ನೆ.